ಸಂಬಳ ಏರಿದಂತೆ ಉಳಿತಾಯವೂ ಏರಬೇಕಾದರೆ

ಸಂಬಳ ಹೆಚ್ಚಾದ ಕೆಲವೇ ತಿಂಗಳಲ್ಲಿ ಮನೆಯ ಖರ್ಚೂ ಅಷ್ಟೇ ಹೆಚ್ಚಿ, ತಿಂಗಳ ಕೊನೆಗೆ ಖಾತೆಯಲ್ಲಿ ಉಳಿಯುವ ಹಣ ಮೊದಲಿನಷ್ಟೇ ಇರುವುದನ್ನು ಜೀವನಶೈಲಿಯ ಹಣದುಬ್ಬರ ಎನ್ನುತ್ತಾರೆ. ಇದು ದುಂದುವೆಚ್ಚ ಮಾಡುವವರಿಗಷ್ಟೇ ಅಂಟಿದ್ದಲ್ಲ. ಲೆಕ್ಕ ಇಟ್ಟು ಬದುಕುವ ಮನೆಗಳಲ್ಲೂ ಇದು ನಡೆಯುತ್ತದೆ, ಏಕೆಂದರೆ ಹೆಚ್ಚಿದ ಒಂದೊಂದು ಖರ್ಚಿಗೂ ಒಪ್ಪತಕ್ಕ ಕಾರಣ ಇರುತ್ತದೆ.

ಬೆಂಗಳೂರಿನಲ್ಲಿ ದುಡಿಯುವ ಒಬ್ಬರಿಗೆ ತಿಂಗಳಿಗೆ 50,000 ರೂಪಾಯಿ ಕೈಗೆ ಬರುತ್ತದೆ, ಅದರಲ್ಲಿ 5,000 ರೂಪಾಯಿ ಆರ್‌ಡಿಗೆ ಹೋಗುತ್ತದೆ ಎಂದು ಇಟ್ಟುಕೊಳ್ಳಬಹುದು. ಉಳಿತಾಯದ ಪಾಲು ಶೇ 10. ಸಂಬಳ ಶೇ 10ರಷ್ಟು ಏರಿ 55,000 ಆಗುತ್ತದೆ. 14,000 ಬಾಡಿಗೆಯ ಮನೆ ಬಿಟ್ಟು, ಆಫೀಸಿಗೆ ಹತ್ತಿರದ 18,000 ಬಾಡಿಗೆಯ ಅಪಾರ್ಟ್‌ಮೆಂಟಿಗೆ ಹೋಗುವುದು ತಪ್ಪು ನಿರ್ಧಾರವೇನೂ ಅನ್ನಿಸುವುದಿಲ್ಲ. ಆದರೆ ಅಲ್ಲಿ ಮೇಂಟೆನೆನ್ಸ್ ಎಂದು 1,500 ಸೇರಿದರೆ ಹೊಸ ಖರ್ಚು 5,500. ಏರಿದ 5,000 ಅಲ್ಲಿಗೇ ಮುಗಿದು, ಹಳೆಯ ಸಂಬಳದಿಂದಲೂ 500 ಹೋಯಿತು. ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಡಬೇಕಾದ್ದು ಬೇರೆ. ಮುಂದೆ ಕರಾರು ನವೀಕರಿಸಿದಾಗಲೆಲ್ಲ ಬಾಡಿಗೆ ಏರುವುದು 14,000ದ ಮೇಲಲ್ಲ, 18,000ದ ಮೇಲೆ.

ಹೀಗೆ ತಿಂಗಳು ತಿಂಗಳು ಕಟ್ಟಲೇಬೇಕಾದ ಖರ್ಚೇ ಇಲ್ಲಿ ನಿಜವಾದ ಅಪಾಯ. ಸಂಬಳ ಏರಿದ ಸಂತೋಷಕ್ಕೆ ಮನೆಮಂದಿ ಹೋಟೆಲಿನಲ್ಲಿ ಊಟ ಮಾಡಿದರೆ, ಒಂದು ಸೀರೆ ಕೊಂಡರೆ ಆ ಖರ್ಚು ಆ ತಿಂಗಳಿಗೇ ಮುಗಿಯುತ್ತದೆ. ಬಾಡಿಗೆ, ಕಾರಿನ ಸಾಲದ ಕಂತು, ದುಬಾರಿ ಶಾಲೆಯ ಫೀಸು ಹಾಗಲ್ಲ. ಆದಾಯ ಹೆಚ್ಚಿದಾಗ ಖರ್ಚು ಸಲೀಸಾಗಿ ಮೇಲೇರುತ್ತದೆ, ಆದಾಯ ತಗ್ಗಿದಾಗ ಅಷ್ಟೇ ಸಲೀಸಾಗಿ ಇಳಿಯುವುದಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸೆನ್‌ಬೆರಿ 1949ರಲ್ಲೇ ವಿವರಿಸಿದ್ದರು. ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಮರಳುವುದಕ್ಕೂ ಸಾಗಣೆಯ ಖರ್ಚಿದೆ, ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಮಾಲೀಕರು ಹಿಡಿದುಕೊಳ್ಳುವ ಹಣವಿದೆ, ನೆಂಟರಿಷ್ಟರ ಮಾತೂ ಇದೆ.

ಖರ್ಚು ಕೈಮೀರದಿದ್ದರೂ ಉಳಿತಾಯದ ಪಾಲು ಕುಸಿಯಬಹುದು. ಮೇಲಿನ ನೌಕರರು ಆರ್‌ಡಿಯ 5,000ವನ್ನು ಹಾಗೆಯೇ ಮುಂದುವರಿಸಿದರೆ, ಮೊದಲ ಏರಿಕೆಯ ನಂತರ ಅವರ ಉಳಿತಾಯ ಶೇ 9.1ಕ್ಕೆ ಇಳಿಯುತ್ತದೆ. ಪ್ರತಿ ವರ್ಷ ಶೇ 10ರಂತೆ ಐದು ಏರಿಕೆ ಕಂಡು ಸಂಬಳ ಸುಮಾರು 80,500 ಆದಾಗ ಅದು ಶೇ 6.2. ಒಂದು ತಿಂಗಳೂ ಕಂತು ತಪ್ಪಿಸದೆ ಉಳಿತಾಯ ಸೊರಗಿರುತ್ತದೆ. ಭವಿಷ್ಯನಿಧಿಯಲ್ಲೂ ಹೀಗಾಗುವುದುಂಟು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ಪಿಎಫ್‌ಗೆ ಹೋಗುತ್ತದೆ ಎಂದು ನೌಕರರು ನೆಮ್ಮದಿಯಿಂದಿರುತ್ತಾರೆ. ಆದರೆ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 15,000 ರೂಪಾಯಿ ವೇತನ ಮಿತಿಯ ಮೇಲಷ್ಟೇ ಕಡಿತ ಮಾಡುವ ಕಂಪನಿಗಳಲ್ಲಿ ನೌಕರರ ಪಾಲು ತಿಂಗಳಿಗೆ 1,800 ಮಾತ್ರ. ಸಂಬಳ ಎಷ್ಟೇ ಏರಿದರೂ ಆ 1,800 ಕದಲುವುದಿಲ್ಲ. ಸಂಬಳದ ಚೀಟಿಯಲ್ಲಿ ಈ ಒಂದು ಸಾಲನ್ನು ನೋಡಿದರೆ ವಿಷಯ ತಿಳಿಯುತ್ತದೆ.

ಉಳಿತಾಯದ ಪಾಲು ಏರಬೇಕಾದರೆ ಪೂರೈಸಬೇಕಾದ ಷರತ್ತು ಒಂದೇ: ಈಗ ಸಂಬಳದಲ್ಲಿ ಶೇಕಡಾ ಎಷ್ಟು ಉಳಿಯುತ್ತಿದೆಯೋ, ಏರಿಕೆಯ ಹಣದಲ್ಲಿ ಅದಕ್ಕಿಂತ ಹೆಚ್ಚಿನ ಪಾಲು ಉಳಿಯಬೇಕು. ಶೇ 10 ಉಳಿಸುವವರು ಏರಿದ 5,000ದಲ್ಲಿ 500 ಉಳಿಸಿದರೆ ಪಾಲು ಇದ್ದಲ್ಲೇ ಇರುತ್ತದೆ, 501 ಉಳಿಸಿದರೂ ಮೇಲಕ್ಕೆ ಸರಿಯುತ್ತದೆ. ಹೊಸದಾಗಿ ಬಿಗಿ ಹಿಡಿದು ಬದುಕಬೇಕಾಗಿಲ್ಲ, ಇನ್ನೂ ರೂಢಿಯಾಗದ ಹಣದ ಒಂದು ಭಾಗವನ್ನು ರೂಢಿಯಾಗುವ ಮೊದಲೇ ಎತ್ತಿಡಬೇಕು.

ಏರಿಕೆಯಲ್ಲಿ ಅರ್ಧ ಉಳಿಸಿ ಎಂಬ ಸಲಹೆ ಸಾಮಾನ್ಯ. ಆದರೆ ಅದು ಬೆಲೆಯೇರಿಕೆಯನ್ನು ಮರೆಯುತ್ತದೆ. ಮೊದಲ ವರ್ಷ 45,000 ಖರ್ಚಿದ್ದ ಮನೆಗೆ ಬೆಲೆಗಳು ಶೇ 5ರಷ್ಟು ಏರಿದರೆ, ಹಿಂದಿನಂತೆಯೇ ಬದುಕಲು 2,250 ಹೆಚ್ಚು ಬೇಕು. ಆದ್ದರಿಂದ ಈ 2,250ನ್ನು ಮೊದಲು ಬದಿಗಿಟ್ಟು, ಉಳಿದ 2,750ನ್ನು ಸಮವಾಗಿ ಹಂಚುವುದು ಹೆಚ್ಚು ನ್ಯಾಯವಾದ ಕ್ರಮ: 1,375 ಉಳಿತಾಯಕ್ಕೆ, 1,375 ಸುಖಕ್ಕೆ. ಉಳಿತಾಯ ಆಗ 6,375, ಅಂದರೆ ಶೇ 11.6. ಸಂಬಳ ವರ್ಷಕ್ಕೆ ಶೇ 10, ಬೆಲೆ ಶೇ 5 ಏರುತ್ತ ಹೋಗಿ ಇದೇ ಕ್ರಮ ಮುಂದುವರಿದರೆ, ಐದನೆಯ ಏರಿಕೆಯ ನಂತರ ಉಳಿತಾಯ ತಿಂಗಳಿಗೆ ಸುಮಾರು 13,600 ಆಗಿ, ಪಾಲು ಶೇ 17ರ ಹತ್ತಿರ ಬರುತ್ತದೆ. ಅಷ್ಟರಲ್ಲಿ ಮನೆಯ ಖರ್ಚೂ 66,900ರ ಆಸುಪಾಸಿನಲ್ಲಿರುತ್ತದೆ. ಹಳೆಯ ಬದುಕನ್ನೇ ಬದುಕಲು ಆಗ 57,400 ಸಾಕಾಗುವುದರಿಂದ, ತಿಂಗಳಿಗೆ ಸುಮಾರು 9,500 ರೂಪಾಯಿಯಷ್ಟು ಜೀವನಮಟ್ಟ ನಿಜಕ್ಕೂ ಮೇಲೇರಿರುತ್ತದೆ. ಹೀಗೆ ಸುಖಕ್ಕೂ ಜಾಗ ಬಿಟ್ಟಿರುವುದರಿಂದಲೇ ಈ ಕ್ರಮ ವರ್ಷಗಟ್ಟಲೆ ಬಾಳುತ್ತದೆ.

ಸರ್ಕಾರಿ ನೌಕರರಿಗೆ ಈ ವಿಂಗಡಣೆ ಸುಲಭ. ತುಟ್ಟಿಭತ್ಯೆ ಬೆಲೆಯೇರಿಕೆಗೆ ಕೊಡುವ ಪರಿಹಾರ. ಅದು ದಿನಸಿಗೆ, ಹಾಲಿಗೆ ಹೋದರೆ ಬೇಸರಪಡಬೇಕಾಗಿಲ್ಲ. ವಾರ್ಷಿಕ ಇನ್‌ಕ್ರಿಮೆಂಟ್, ಬಡ್ತಿ, ವೇತನ ಪರಿಷ್ಕರಣೆಯಲ್ಲಿ ಬೆಲೆಯನ್ನು ಮೀರಿ ಬಂದ ಭಾಗವೇ ಹಂಚಿಕೊಳ್ಳಬೇಕಾದ ಹಣ. ಇನ್ನು ಒಟ್ಟಿಗೆ ಕೈಗೆ ಬರುವ ಬಾಕಿ ಹಣ ಒಂದೇ ಸಲದ್ದು. ಅದನ್ನು ಕಾರಿನ ಮುಂಗಡವಾಗಿ ಕಟ್ಟಿದರೆ ಮುಂದಿನ ಏಳೆಂಟು ವರ್ಷಗಳ ಕಂತನ್ನು ಮೈಮೇಲೆ ಎಳೆದುಕೊಂಡಂತೆ.

ಈ ನಿಯಮ ನಡೆಯುವುದೂ ಬೀಳುವುದೂ ಸಮಯದ ಮೇಲೆ ನಿಂತಿದೆ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ಒಂದು ಕಾರ್ಖಾನೆಯಲ್ಲಿ, ಈಗಲೇ ಹೆಚ್ಚು ಉಳಿಸಲು ಆಗದು ಎಂದ ನೌಕರರ ಮುಂದೆ ಬೇರೊಂದು ಯೋಜನೆ ಇಡಲಾಯಿತು: ಇಂದು ಏನನ್ನೂ ಕಡಿತ ಮಾಡುವುದಿಲ್ಲ, ಮುಂದೆ ಸಂಬಳ ಏರಿದಾಗಲೆಲ್ಲ ಉಳಿತಾಯದ ಪಾಲು ತಾನಾಗಿ ಏರುತ್ತದೆ, ಬೇಡವೆನಿಸಿದರೆ ಹೊರಬರಬಹುದು. ಹೀಗೆ ಕೇಳಿದಾಗ ಶೇ 78 ಮಂದಿ ಒಪ್ಪಿದರು. 40 ತಿಂಗಳಲ್ಲಿ ಅವರ ಸರಾಸರಿ ಉಳಿತಾಯ ಸಂಬಳದ ಶೇ 3.5ರಿಂದ 13.6ಕ್ಕೆ ಏರಿತು. ಕೈಗೆ ಬರುವ ಹಣ ಕಡಿಮೆಯಾಗದಂತೆ ನೋಡಿಕೊಂಡು, ಕಳೆದುಕೊಂಡಂತೆ ಅನ್ನಿಸದಿರಲಿ ಎಂಬುದೇ ಈ ಯೋಜನೆಯ ಹಿಂದಿನ ಯೋಚನೆ.

ಇಲ್ಲೂ ಇದಕ್ಕೆ ದಾರಿಗಳಿವೆ. ಮ್ಯೂಚುವಲ್ ಫಂಡ್ ಎಸ್‌ಐಪಿ ಆರಂಭಿಸುವಾಗಲೇ ವರ್ಷಕ್ಕೆ ಇಷ್ಟು ಹೆಚ್ಚಲಿ ಎಂದು ಟಾಪ್‌ಅಪ್ ಬರೆಸಬಹುದು. ಪಿಎಫ್‌ಗೆ ಕಡ್ಡಾಯ ಪಾಲಿನ ಮೇಲೆ ಸ್ವಇಚ್ಛೆಯಿಂದ ಹೆಚ್ಚು ಕಟ್ಟುವ ವಿಪಿಎಫ್ ಇದೆ. ಚಾಲ್ತಿಯ ಆರ್‌ಡಿಯ ಕಂತು ಸಾಮಾನ್ಯವಾಗಿ ಬದಲಾಗದು, ಆದ್ದರಿಂದ ಪ್ರತಿ ಏರಿಕೆಗೆ ಇನ್ನೊಂದು ಚಿಕ್ಕ ಆರ್‌ಡಿ ತೆರೆಯುವುದು ಸರಳ. ಕಡಿತದ ದಿನ ಸಂಬಳದ ಮರುದಿನವೇ ಇರಬೇಕು. ಆದರೆ ಕೆಲವು ತಿಂಗಳ ಖರ್ಚಿನಷ್ಟು ಹಣ ಬೇಕೆಂದಾಗ ತೆಗೆಯುವಂತೆ ಇರದಿದ್ದರೆ, ಒಂದು ಆಸ್ಪತ್ರೆ ಬಿಲ್ಲಿಗೆ ಈ ಖಾತೆಗಳೆಲ್ಲ ಒಡೆಯಬೇಕಾಗುತ್ತದೆ. ಹಾಗಾಗಿ ಮೊದಲ ಏರಿಕೆಯ ಪಾಲು ಅಲ್ಲಿಗೇ ಹೋಗುವುದು ಒಳ್ಳೆಯದು.

ಫಲಿತಾಂಶ ತಿಳಿಯಲು ವರ್ಷಕ್ಕೊಮ್ಮೆ ಎರಡು ಲೆಕ್ಕ ಸಾಕು: ಕೈಗೆ ಬಂದ ಹಣದಲ್ಲಿ ಉಳಿದದ್ದು ಶೇಕಡಾ ಎಷ್ಟು, ಬಾಡಿಗೆ, ಕಂತು, ಫೀಸುಗಳಂಥ ಬಿಡಲಾಗದ ಖರ್ಚು ಶೇಕಡಾ ಎಷ್ಟು. ಎರಡನೆಯದು ಏರುತ್ತಿದ್ದರೆ ಮೊದಲನೆಯದು ಬೇಗನೆ ಇಳಿಯಲಿದೆ ಎಂದರ್ಥ. ಒಂದು ಕಡೆ ಉಳಿತಾಯ ನಡೆಯುತ್ತಲೇ ಕ್ರೆಡಿಟ್ ಕಾರ್ಡಿನ ಬಾಕಿ ಮುಂದಿನ ತಿಂಗಳಿಗೆ ಉರುಳುತ್ತಿದ್ದರೆ, ಆ ಬಾಕಿಯನ್ನು ಉಳಿತಾಯದಿಂದ ಕಳೆದೇ ಲೆಕ್ಕ ಹಾಕಬೇಕು.

ಈ ಕ್ರಮಕ್ಕೆ ಮಿತಿಯೂ ಇದೆ. ಸಂಬಳ ಶೇ 4 ಏರಿ 2,000 ಬಂದ ವರ್ಷ, ಬೆಲೆಗಳೇ 2,250 ಕೇಳುತ್ತಿದ್ದರೆ ಹಂಚಲು ಏನೂ ಉಳಿಯುವುದಿಲ್ಲ. ಆ ವರ್ಷ ಹಳೆಯ ಮೊತ್ತವನ್ನು ಉಳಿಸಿಕೊಂಡರೆ ಸಾಕು. ಮಗು ಹುಟ್ಟಿದ, ಹಿರಿಯರು ಕಾಯಿಲೆ ಬಿದ್ದ ವರ್ಷಗಳಿಗೂ ಇದೇ ಅಳತೆ. ಆದರೆ ಮುಂದಿನ ವರ್ಷದ ಏರಿಕೆಗೆ ಬೇಕಾದ ಆದೇಶ ಮಾತ್ರ ಬ್ಯಾಂಕಿನಲ್ಲಿ ರದ್ದಾಗದೆ ಇರಬೇಕು.