ಖರೀದಿ ಬಿಲ್ಲಿನ ಹಿಂದಿನ ಕಾಗದಗಳು

ಖರೀದಿ ಲೆಕ್ಕದಲ್ಲಿ ಬರೆದ ಮೊತ್ತದ ಹಿಂದೆ ನಿಜವಾದ ವ್ಯವಹಾರ ಇದೆಯೇ ಎಂದು ಮೂಲ ದಾಖಲೆಗಳೊಂದಿಗೆ ತಾಳೆ ನೋಡುವುದಕ್ಕೆ ಲೆಕ್ಕಪರಿಶೋಧಕರು ವೌಚಿಂಗ್ ಎನ್ನುತ್ತಾರೆ. ಮೊದಲು ಕೈಗೆ ಸಿಗುವ ದಾಖಲೆ ಮಾರಾಟಗಾರ ಕಳಿಸಿದ ಬಿಲ್ಲು. ಆದರೆ ಮಾರಾಟಗಾರ ಇಷ್ಟು ಹಣ ಕೇಳಿದ್ದಾನೆ ಎಂಬುದಕ್ಕಿಂತ ಹೆಚ್ಚಿನದನ್ನು ಬಿಲ್ಲು ಹೇಳುವುದಿಲ್ಲ. ಸರಕು ಬಂತೇ, ಎಷ್ಟು ಬಂತು, ಯಾವತ್ತು ಬಂತು, ಅದನ್ನು ತರಿಸಲು ಯಾರು ಒಪ್ಪಿಗೆ ಕೊಟ್ಟಿದ್ದರು ಎಂಬುದನ್ನೆಲ್ಲ ಬೇರೆ ಕಡೆ ಹುಡುಕಬೇಕು.

ವರ್ಷವಿಡೀ ಬಂದ ಬಿಲ್ಲುಗಳನ್ನೆಲ್ಲ ನೋಡಲು ಆಗದ್ದರಿಂದ ಒಂದಷ್ಟನ್ನು ಆರಿಸಲಾಗುತ್ತದೆ. ಭಾರತದಲ್ಲಿ ಇದಕ್ಕೆ ಎಸ್‌ಎ 530 ಎಂಬ ಮಾನದಂಡವಿದೆ. ಸಾಮಾನ್ಯವಾಗಿ ದೊಡ್ಡ ಮೊತ್ತದವನ್ನು ಪೂರ್ತಿಯಾಗಿ ನೋಡಿ, ಉಳಿದವುಗಳಲ್ಲಿ ಕೆಲವನ್ನು ಯಾವ ಒಲವೂ ಇಲ್ಲದೆ ಎತ್ತಿಕೊಳ್ಳುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಆಯ್ಕೆ ನಡೆಯಬೇಕಾದದ್ದು ಖರೀದಿ ಲೆಕ್ಕದ ಪುಸ್ತಕದಿಂದ, ಬಿಲ್ಲುಗಳ ಫೈಲಿನಿಂದಲ್ಲ. ಫೈಲಿನಿಂದ ಆರಿಸಿದರೆ ಬಿಲ್ಲೇ ಇಲ್ಲದ ನಮೂದು ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದು ಬಳ್ಳಾರಿಯಿಂದ 12 ಟನ್ ಕಬ್ಬಿಣದ ಸರಳು ತರಿಸಿದೆ. ಬಿಲ್ಲಿನ ದಿನಾಂಕ ಮಾರ್ಚ್ 30. ಟನ್ನಿಗೆ 55,000 ರೂಪಾಯಿಯಂತೆ 6,60,000, ಅದಕ್ಕೆ ಶೇ 18ರ ಜಿಎಸ್‌ಟಿ 1,18,800, ಒಟ್ಟು 7,78,800 ರೂಪಾಯಿ. ಕೂಡಿಕೆ ಸರಿಯಿದೆ, ಬಿಲ್ಲು ಕಂಪನಿಯ ಹೆಸರಿಗೇ ಇದೆ, ಜಿಎಸ್‌ಟಿ ಸಂಖ್ಯೆಯೂ ಹೊಂದುತ್ತದೆ. ಖರೀದಿ ಆದೇಶದಲ್ಲಿ ದರ, ಪ್ರಮಾಣ ಎರಡೂ ಅಷ್ಟೇ ಇವೆ, ಅಧಿಕಾರವುಳ್ಳವರೇ ಸಹಿ ಹಾಕಿದ್ದಾರೆ. ಉಗ್ರಾಣದವರು ಬರೆದ ಸರಕು ಸ್ವೀಕೃತಿ ಚೀಟಿಯಲ್ಲೂ 12 ಟನ್ ಎಂದೇ ಇದೆ. ಆದೇಶ, ಸ್ವೀಕೃತಿ, ಬಿಲ್ಲು ಮೂರೂ ತಾಳೆಯಾದವು. ಅವಸರದ ಪರಿಶೋಧನೆ ಇಲ್ಲಿಗೇ ಮುಗಿಯುತ್ತದೆ.

ಲಾರಿ ತೂಗಿದ ಚೀಟಿಯನ್ನು ತರಿಸಿದಾಗ ಚಿತ್ರ ಬದಲಾಗುತ್ತದೆ. ಸರಕು ಸಮೇತ 17,840 ಕಿಲೋ, ಖಾಲಿ ಲಾರಿ 6,220 ಕಿಲೋ. ಬಂದ ಸರಳು 11,620 ಕಿಲೋ ಮಾತ್ರ. ಕೊರತೆ 380 ಕಿಲೋ, ತೆರಿಗೆ ಸೇರಿ 24,662 ರೂಪಾಯಿ. ಉಗ್ರಾಣದವರು ತೂಕ ನೋಡದೆ, ಬಿಲ್ಲಿನ ಅಂಕಿಯನ್ನೇ ಸ್ವೀಕೃತಿ ಚೀಟಿಗೆ ಇಳಿಸಿದ್ದರು. ಬಿಲ್ಲನ್ನು ನೋಡಿ ಬರೆದ ಚೀಟಿ ಆ ಬಿಲ್ಲಿಗೇ ಸಾಕ್ಷಿಯಾಗಲಾರದು. ಕೊರತೆಗೆ ಮಾರಾಟಗಾರ ಕ್ರೆಡಿಟ್ ನೋಟ್ ಕೊಟ್ಟಿದ್ದಾನೆಯೇ ಎಂಬುದು ಮುಂದಿನ ಪ್ರಶ್ನೆ.

ದಿನಾಂಕದ ವಿಷಯ ಇನ್ನೂ ಗಂಭೀರ. ಇ-ವೇ ಬಿಲ್ ಏಪ್ರಿಲ್ 1ರಂದು ಹುಟ್ಟಿದೆ, ಗೇಟಿನ ಪುಸ್ತಕದಲ್ಲಿ ಲಾರಿ ಏಪ್ರಿಲ್ 2ರಂದು ಒಳಗೆ ಬಂದಿದೆ. ಸರಕನ್ನು ಕಾರ್ಖಾನೆಗೇ ತಲುಪಿಸಬೇಕೆಂಬ ಕರಾರಿದ್ದರೆ ಅದು ಹೊಸ ವರ್ಷದ ಖರೀದಿ. ಮಾರ್ಚ್ 31ರ ದಾಸ್ತಾನಿನಲ್ಲಿ ಸರಳು ಇರಲು ಸಾಧ್ಯವಿಲ್ಲ, ಖರೀದಿ ಮಾತ್ರ ಹಳೆಯ ವರ್ಷಕ್ಕೆ ಬಿದ್ದಿದೆ; ಆ ವರ್ಷದ ಲಾಭ 6,60,000 ರೂಪಾಯಿಯಷ್ಟು ಕಡಿಮೆ ಕಾಣುತ್ತದೆ. ಮಾರ್ಚ್ ಕೊನೆಯ ವಾರದ ಬಿಲ್ಲುಗಳನ್ನು ಹೆಚ್ಚಾಗಿ ಎತ್ತಿಕೊಳ್ಳುವುದು ಇದೇ ಕಾರಣಕ್ಕೆ.

ಲಾರಿಯ ನಂಬರು ಕೂಡ ಸಾಕ್ಷಿಯೇ. ಬಿಹಾರದ ಮೇವು ಹಗರಣದಲ್ಲಿ ದನಗಳನ್ನು, ಮೇವನ್ನು ಸಾಗಿಸಿದವೆಂದು ತೋರಿಸಿದ್ದ ವಾಹನಗಳಲ್ಲಿ ಕೆಲವು ಸ್ಕೂಟರುಗಳೆಂದು ನೋಂದಣಿ ದಾಖಲೆ ನೋಡಿದಾಗ ಹೊರಬಿತ್ತು.

ಜಿಎಸ್‌ಟಿ ಪೋರ್ಟಲಿನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಿಲ್ಲು ಕಂಡರೆ ಮಾರಾಟಗಾರ ಅದನ್ನು ಸರ್ಕಾರಕ್ಕೆ ತೋರಿಸಿದ್ದಾನೆ ಎಂದಾಯಿತು. ಅನೇಕರು ಇದನ್ನೇ ಕೊನೆಯ ಸಾಕ್ಷಿ ಎಂದು ಭಾವಿಸುತ್ತಾರೆ, ಅದು ತಪ್ಪು. ಬರೀ ಬಿಲ್ಲು ಮಾರುವ ಬೋಗಸ್ ಸಂಸ್ಥೆಯೂ ರಿಟರ್ನ್ ಸಲ್ಲಿಸಬಲ್ಲದು. ತೆರಿಗೆ ಜಮೆ ಪಡೆಯಲು ಸರಕು ಕೈಸೇರಿರಬೇಕೆಂದು ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ನೇ ಹೇಳುತ್ತದೆ. ಪಾವತಿಯನ್ನೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಿ, ಹಣ ಬಿಲ್ಲಿನಲ್ಲಿರುವ ಸಂಸ್ಥೆಯ ಖಾತೆಗೇ ಹೋಯಿತೇ, ಒಂದೇ ಬಿಲ್ಲಿಗೆ ಎರಡು ಸಲ ಹೋಯಿತೇ ಎಂದು ಪರೀಕ್ಷಿಸುತ್ತಾರೆ.

ಸಿಕ್ಕ 24,662 ರೂಪಾಯಿಯನ್ನು ತಿದ್ದಿಸಿಕೊಂಡು ಕೈತೊಳೆದುಕೊಳ್ಳುವಂತಿಲ್ಲ. ತಪ್ಪಿನ ಮೂಲ ಉಗ್ರಾಣದ ರೂಢಿಯಲ್ಲಿರುವುದರಿಂದ, ನೋಡದೆ ಬಿಟ್ಟ ಬಿಲ್ಲುಗಳಲ್ಲೂ ಅದು ಇರಬಹುದು. ಸರಳಿನ ಇತರ ಲೋಡುಗಳ ತೂಕದ ಚೀಟಿಗಳನ್ನೂ ತರಿಸಬೇಕಾಗುತ್ತದೆ. ಖರೀದಿ, ಉಗ್ರಾಣ, ಗೇಟು ಎಲ್ಲರೂ ಕೈಜೋಡಿಸಿದ್ದರೆ ಕಾಗದಗಳೆಲ್ಲ ಚೊಕ್ಕವಾಗಿ ಹೊಂದುತ್ತವೆ. ಆಗ ಬಳಸಿದ ಕಬ್ಬಿಣಕ್ಕೂ ತಯಾರಾದ ಮಾಲಿಗೂ ತಾಳೆಯಿದೆಯೇ ಎಂದು ನೋಡುವುದೊಂದೇ ಸುಳಿವು ಕೊಟ್ಟೀತು.

ಪುಸ್ತಕದಿಂದ ಕಾಗದದ ಕಡೆಗೆ ಹೋಗುವ ಈ ದಾರಿಯಲ್ಲಿ ಪುಸ್ತಕಕ್ಕೆ ಸೇರಿಸದೇ ಬಿಟ್ಟ ಖರೀದಿ ಸಿಗುವುದಿಲ್ಲ. ಅದಕ್ಕೆ ಹಿಮ್ಮುಖವಾಗಿ ನಡೆಯಬೇಕು: ಮಾರ್ಚ್ ಕೊನೆಯ ಗೇಟಿನ ನಮೂದುಗಳನ್ನೂ ಏಪ್ರಿಲ್ ತಿಂಗಳ ಪಾವತಿಗಳನ್ನೂ ಎತ್ತಿಕೊಂಡು, ಅವುಗಳಿಗೆ ಸಂಬಂಧಿಸಿದ ಸಾಲ ಹಳೆಯ ವರ್ಷದ ಲೆಕ್ಕದಲ್ಲಿದೆಯೇ ಎಂದು ಹುಡುಕುತ್ತಾರೆ.