ನವೆಂಬರ್ ತಿಂಗಳ 160 ಗಂಟೆ

ಮನೆಯಲ್ಲಿ ಮಗಳೋ ಅಳಿಯನೋ ಸಾಫ್ಟ್‌ವೇರ್ ಸೇವಾ ಕಂಪನಿಯಲ್ಲಿದ್ದರೆ ‘ಈಗ ಬೆಂಚ್‌ನಲ್ಲಿದ್ದೀನಿ’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಸಂಬಳ ಬರುತ್ತಿದೆ, ಆಫೀಸಿಗೂ ಹೋಗಿಬರುತ್ತಿದ್ದಾರೆ, ಆದರೆ ಅವರ ಹೊತ್ತಿಗೆ ಹಣ ಕೊಡುವ ಕ್ಲೈಂಟ್ ಸದ್ಯಕ್ಕಿಲ್ಲ ಎಂದು ಅದರ ಅರ್ಥ. ತಿಂಗಳ ಕೊನೆಯಲ್ಲಿ ಟೈಮ್‌ಶೀಟ್‌ಗಳನ್ನೆಲ್ಲ ಕೂಡಿಸಿದಾಗ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಶೇಕಡಾವಾರು ಅಂಕಿ ಬಂದು ನಿಲ್ಲುತ್ತದೆ. ಕಂಪನಿಗಳಲ್ಲಿ ಅದನ್ನು ಯುಟಿಲೈಸೇಷನ್ ಎನ್ನುತ್ತಾರೆ. ಇರುವ ಹೊತ್ತಿನಲ್ಲಿ ಎಷ್ಟು ಪಾಲು ಬಿಲ್ ಆಯಿತು ಎಂಬ ಲೆಕ್ಕ ಅದು. ಈ ‘ಇರುವ ಹೊತ್ತು’ ಎಂದರೆ ಎಷ್ಟು ಎಂಬ ಒಂದೇ ಪ್ರಶ್ನೆಯಲ್ಲಿ ಇಡೀ ತಕರಾರು ಅಡಗಿದೆ.

ಲೆಕ್ಕ ಮಾಡಿಯೇ ನೋಡೋಣ. 2024ರ ನವೆಂಬರ್ ತಿಂಗಳು. ಶನಿವಾರ, ಭಾನುವಾರಗಳನ್ನು ಬಿಟ್ಟರೆ 21 ದಿನ. ನವೆಂಬರ್ 1 ಶುಕ್ರವಾರ ಬಂದಿತ್ತು. ರಾಜ್ಯೋತ್ಸವಕ್ಕೆ ರಜೆ ಕೊಡಲೇಬೇಕೆಂದು ಕರ್ನಾಟಕದ ಕಾನೂನೇ ಹೇಳುತ್ತದೆ. ಹಾಗಾಗಿ ಉಳಿದದ್ದು 20 ದಿನ. ದಿನಕ್ಕೆ 8 ಗಂಟೆಯಂತೆ 160 ಗಂಟೆ.

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಕ್ಲೈಂಟ್‌ಗೆ ಕೆಲಸ ಮಾಡುವ ಒಬ್ಬ ಸಲಹೆಗಾರ್ತಿಯನ್ನು ಊಹಿಸಿಕೊಳ್ಳಿ. ಅವಳ ಹಳೆಯ ಪ್ರಾಜೆಕ್ಟ್ ಅಕ್ಟೋಬರ್‌ನಲ್ಲೇ ಮುಗಿದಿದೆ. ಹೊಸದಕ್ಕೆ ಕ್ಲೈಂಟ್ ಒಪ್ಪಿಗೆ ಬರುವ ತನಕ 4ರಿಂದ 6ರವರೆಗೆ ಮೂರು ದಿನ ಖಾಲಿ ಕುಳಿತಳು, 24 ಗಂಟೆ. 7 ಮತ್ತು 8ರಂದು ಹೊಸ ಪ್ರಾಜೆಕ್ಟಿಗೆ ಬೇಕಾದ ತರಬೇತಿ, 16 ಗಂಟೆ. 11ರಿಂದ ಕೆಲಸ ಶುರುವಾಯಿತು. ನಡುವೆ 14 ಮತ್ತು 15 ರಜೆ ಹಾಕಿದಳು, 16 ಗಂಟೆ. ರಜೆ ಕಳೆದು 27ರವರೆಗೆ 11 ದಿನ ಕ್ಲೈಂಟ್ ಕೆಲಸ, 88 ಗಂಟೆ. 28ರ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮರುದಿನವೂ ಕ್ಲೈಂಟ್ ಆಫೀಸ್ ಮುಚ್ಚಿತ್ತು. ಬೆಂಗಳೂರಿನ ಆಫೀಸ್ ತೆರೆದೇ ಇತ್ತು, ಅವಳೂ ಬಂದಿದ್ದಳು, ಆದರೆ ಆ ಎರಡು ದಿನ ಬಿಲ್ ಮಾಡಲು ಕರಾರಿನಲ್ಲಿ ಅವಕಾಶವಿಲ್ಲ. ಆ 16 ಗಂಟೆಯೂ ಖಾಲಿ ಗಂಟೆಯ ಲೆಕ್ಕಕ್ಕೇ ಹೋಯಿತು. ಎಲ್ಲ ಕೂಡಿದರೆ 160 ಸರಿಹೋಗುತ್ತದೆ.

ಈಗ ಭಾಗಿಸಬೇಕು. 88ನ್ನು 160ರಿಂದ ಭಾಗಿಸಿದರೆ ಶೇ 55. ಆದರೆ ರಜೆ ಅವಳ ಹಕ್ಕು, ಆ ಎರಡು ದಿನ ಅವಳು ಕೆಲಸಕ್ಕೆ ಸಿಗುತ್ತಲೇ ಇರಲಿಲ್ಲ ಎನ್ನುವವರು 16 ಕಳೆದು 144ರಿಂದ ಭಾಗಿಸುತ್ತಾರೆ. ಆಗ ಶೇ 61.1. ತರಬೇತಿಗೆ ಕಳಿಸಿದ್ದು ಕಂಪನಿಯೇ ಅಲ್ಲವೇ ಎಂದು ಅದನ್ನೂ ಕಳೆದು 128ರಿಂದ ಭಾಗಿಸಿದರೆ ಶೇ 68.8ರ ಹತ್ತಿರ. ಇನ್ನು ಕೆಲವರು ತರಬೇತಿಯನ್ನು ಕಳೆಯುವುದಿಲ್ಲ, ಅದನ್ನೂ ದುಡಿಮೆಯೆಂದೇ ಎಣಿಸಿ ಬಿಲ್ ಆದ ಗಂಟೆಗೆ ಸೇರಿಸುತ್ತಾರೆ. 104ನ್ನು 144ರಿಂದ ಭಾಗಿಸಿದರೆ ಶೇ 72.2. ಅದೇ ಹುಡುಗಿ, ಅದೇ ತಿಂಗಳು, 55ರಿಂದ 72ರವರೆಗೆ ನಾಲ್ಕು ಉತ್ತರ. ಯಾವುದೂ ಸುಳ್ಳಲ್ಲ. ಯಾವ ಲೆಕ್ಕವೆಂದು ಹೇಳದೆ ಬರೀ ಅಂಕಿಯನ್ನು ಮುಂದಿಟ್ಟರೆ ಮಾತ್ರ ಅದು ದಾರಿ ತಪ್ಪಿಸುತ್ತದೆ.

ದೊಡ್ಡ ಕಂಪನಿಗಳಿಗೂ ಈ ಪ್ರಶ್ನೆ ಬಿಟ್ಟದ್ದಲ್ಲ. ಇನ್ಫೊಸಿಸ್ ತನ್ನ ತ್ರೈಮಾಸಿಕ ವರದಿಗಳಲ್ಲಿ ಯುಟಿಲೈಸೇಷನ್ ಅಂಕಿಯನ್ನು ಎರಡು ಬಗೆಯಾಗಿ ಕೊಡುತ್ತ ಬಂದಿದೆ. ಒಂದರಲ್ಲಿ ತರಬೇತಿಯಲ್ಲಿರುವ ಹೊಸಬರು ಸೇರಿರುತ್ತಾರೆ, ಇನ್ನೊಂದರಲ್ಲಿ ಇರುವುದಿಲ್ಲ. ಮೈಸೂರಿನ ಕ್ಯಾಂಪಸ್ಸಿಗೆ ಒಮ್ಮೆಲೇ ಸಾವಿರಾರು ಹೊಸಬರು ಬಂದಿಳಿದಾಗ ಮೊದಲನೆಯ ಅಂಕಿ ಇಳಿಯುತ್ತದೆ, ಎರಡನೆಯದು ಅಲುಗಾಡದೆ ಇರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಕೆಲಸ ಕಮ್ಮಿಯಾಯಿತೋ ಜನ ಹೆಚ್ಚಾದರೋ ತಿಳಿಯುವುದು.

ನನ್ನ ಮಟ್ಟಿಗೆ ಒಬ್ಬ ವ್ಯಕ್ತಿಯ ತಿಂಗಳನ್ನು ನೋಡುವಾಗ 144ರ ಲೆಕ್ಕವೇ ಸರಿ, ಮತ್ತು ಒಂದಲ್ಲ, ಮೂರು ಪಾಲು ಬರೆಯಬೇಕು. ಬಿಲ್ ಆದದ್ದು ಶೇ 61.1, ತರಬೇತಿ 11.1, ಖಾಲಿ 27.8. ಮೂರೂ ಕೂಡಿ ನೂರಾಗುವುದರಿಂದ ಎಲ್ಲಿಯೂ ಏನೂ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಎಕ್ಸೆಲ್‌ನಲ್ಲಿ B ಕಾಲಂನಲ್ಲಿ ತಿಂಗಳ ಒಟ್ಟು ಗಂಟೆ, ಆಮೇಲೆ ಕ್ರಮವಾಗಿ ಬಿಲ್, ತರಬೇತಿ, ಖಾಲಿ, ರಜೆ ಎಂದು F ತನಕ ತುಂಬಿದರೆ ಈ ಎರಡು ಸಾಲು ಸಾಕು:

```
=C2/(B2-F2)
=B2-C2-D2-E2-F2
```

ಮೊದಲನೆಯದು ಯುಟಿಲೈಸೇಷನ್. ಎರಡನೆಯದು ಸೊನ್ನೆ ಬರಬೇಕು. ಬರದಿದ್ದರೆ ಯಾರೋ ಒಂದು ದಿನದ ಟೈಮ್‌ಶೀಟ್ ತುಂಬಿಲ್ಲ, ಇಲ್ಲವೇ ಎರಡು ಬಾರಿ ತುಂಬಿದ್ದಾರೆ. ರಾಜ್ಯೋತ್ಸವದ ದಿನವೇ ಕ್ಲೈಂಟ್‌ಗಾಗಿ ಕೆಲಸ ಮಾಡಿ 8 ಗಂಟೆ ಬಿಲ್ ಮಾಡಿದ್ದರೆ ಇಲ್ಲಿ ಮೈನಸ್ 8 ಬರುತ್ತದೆ. ಆ ಗಂಟೆಯನ್ನು ಒಟ್ಟಿಗೂ ಸೇರಿಸಬೇಕು. ಇಲ್ಲವಾದರೆ ಹಬ್ಬದ ದಿನ ದುಡಿದ ದಣಿವು ಬರೀ ಚೆಂದದ ಶೇಕಡಾವಾರಾಗಿ ಕಾಣುತ್ತದೆ.

ತಂಡದ ಲೆಕ್ಕಕ್ಕೆ ಬಂದಾಗ ಇನ್ನೊಂದು ತಪ್ಪು ಕಾದು ಕೂತಿರುತ್ತದೆ. ಅದೇ ತಂಡಕ್ಕೆ 25ರಂದು ಒಬ್ಬ ಸೇರಿದ ಎನ್ನೋಣ. ಅವನ ಕ್ಲೈಂಟ್ ಬೆಂಗಳೂರಿನವರೇ, ಐದು ದಿನವೂ ಬಿಲ್ ಆಯಿತು. 40ಕ್ಕೆ 40, ಶೇ 100. ಇಬ್ಬರ ಶೇಕಡಾವಾರನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 80.6 ಬರುತ್ತದೆ. ಗಂಟೆಗಳನ್ನೇ ಕೂಡಿಸಿದರೆ 184ರಲ್ಲಿ 128, ಅಂದರೆ 69.6. ಎರಡನೆಯದೇ ಸರಿ. ಒಂದು ವಾರ ಇದ್ದವನ ಅಂಕಿಗೆ ಇಡೀ ತಿಂಗಳು ಇದ್ದವಳಷ್ಟೇ ತೂಕ ಕೊಟ್ಟದ್ದರಿಂದ ಮೊದಲನೆಯದು ಉಬ್ಬಿತು. ವರದಿಗಳಲ್ಲಿ ಈ ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇಷ್ಟು ಸರಿಮಾಡಿದರೂ ಟೈಮ್‌ಶೀಟೇ ನಿಜ ಹೇಳದಿದ್ದರೆ ಲೆಕ್ಕಕ್ಕೆ ಅರ್ಥವಿಲ್ಲ. ಬೆಂಚ್ ಎಂದರೆ ಜನಕ್ಕೆ ಭಯ. ಖಾಲಿ ಗಂಟೆ ಹೆಚ್ಚಾದರೆ ಕೆಲಸಕ್ಕೇ ಕುತ್ತು ಬರುತ್ತದೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಖಾಲಿ ದಿನಗಳನ್ನು ತರಬೇತಿ ಎಂದು ತುಂಬುವ ಆಸೆ ಹುಟ್ಟುತ್ತದೆ. ಗುರುತಿಸುವುದು ಕಷ್ಟವಲ್ಲ. ನಿಜವಾಗಿ ಕಲಿಯುವವರ ದಿನಗಳು ಏರುಪೇರಾಗಿರುತ್ತವೆ: ಒಂದು ದಿನ 3 ಗಂಟೆ, ಇನ್ನೊಂದು ದಿನ 6. ಸಾಲಾಗಿ ಎರಡು ವಾರ ದಿನಕ್ಕೆ ಸರಿಯಾಗಿ 8 ಗಂಟೆ ತರಬೇತಿ ಎಂದಿದ್ದು, ಕೋರ್ಸಿನ ಹೆಸರಾಗಲಿ ಪರೀಕ್ಷೆಯ ಅಂಕವಾಗಲಿ ಇಲ್ಲದಿದ್ದರೆ ಅದು ಬೆಂಚೇ. ತರಬೇತಿಯನ್ನು ಬಿಲ್ ಆದ ಗಂಟೆಗೆ ಸೇರಿಸುವ ಕಂಪನಿಗಳಲ್ಲಿ ಈ ಚಾಳಿ ಬೇಗ ಬೆಳೆಯುತ್ತದೆ, ಏಕೆಂದರೆ ಹಾಗೆ ಬರೆದಾಗ ಮ್ಯಾನೇಜರ್ ಅಂಕಿಯೂ ಏರುತ್ತದೆ. ನಾನು ಆ ನಾಲ್ಕನೆಯ ಲೆಕ್ಕವನ್ನು ಒಪ್ಪದಿರಲು ಇದೇ ಕಾರಣ.

ನಮ್ಮ ಸಲಹೆಗಾರ್ತಿಯ ಸಾಲಿಗೆ ಮರಳಿದರೆ, 27.8 ಎಂಬ ಖಾಲಿ ಪಾಲನ್ನು ನೋಡಿದ ಯಾರಾದರೂ ಅವಳನ್ನೇ ಕೇಳುತ್ತಾರೆ. ಆದರೆ ಆ 40 ಗಂಟೆಯಲ್ಲಿ 24 ಕ್ಲೈಂಟ್ ಒಪ್ಪಿಗೆ ತಡವಾದದ್ದು, 16 ಕ್ಲೈಂಟ್ ಹಬ್ಬದ್ದು. ಒಂದು ಗಂಟೆಯೂ ಅವಳ ಕೈಯಲ್ಲಿರಲಿಲ್ಲ. ಎರಡು ಹಾಳೆಯ ನಡುವಿನ ಅಂತರವನ್ನು ಮೊದಲೇ ನೋಡಿ ಅಕ್ಟೋಬರ್‌ನಲ್ಲೇ ಹೊಸ ಪ್ರಾಜೆಕ್ಟಿನ ಒಪ್ಪಿಗೆ ತರಿಸಬೇಕಾದವರು ಬೇರೆ. 28 ಮತ್ತು 29 ಖಾಲಿ ಇರುತ್ತವೆಂದು ಕ್ಯಾಲೆಂಡರ್ ನೋಡಿದ ಯಾರಿಗೂ ತಿಂಗಳಿಗೆ ಮುಂಚೆಯೇ ಗೊತ್ತಿತ್ತು. ಇನ್ನೊಂದು ಕೋರ್ಸನ್ನು ಆ ಕೊನೆಯ ಎರಡು ದಿನಕ್ಕೆ ಇಟ್ಟಿದ್ದರೆ ಬಿಲ್ ಆದ 88 ಗಂಟೆ ಹಾಗೆಯೇ ಇರುತ್ತಿತ್ತು, ಶೇ 61.1 ಕೂಡ ಹಾಗೆಯೇ. ಖಾಲಿ ಮಾತ್ರ 24ಕ್ಕೆ ಇಳಿಯುತ್ತಿತ್ತು. ಅದಕ್ಕೇ ಖಾಲಿ ಗಂಟೆಯ ಪಕ್ಕ ಕಾರಣ ಬರೆಯಲು ಒಂದು ಕಾಲಂ ಬೇಕು, G ಎನ್ನಿ. ಅವಳ ಸಾಲಿನಲ್ಲಿ ಅಲ್ಲಿ ಇಷ್ಟು ಇರಬೇಕು: ‘ಒಪ್ಪಿಗೆಗೆ ಕಾಯುತ್ತ 24, ಕ್ಲೈಂಟ್ ರಜೆ 16.’