ಡಿಸೈನರ್ ಪೋರ್ಟ್‌ಫೋಲಿಯೊ: ಹಿನ್ನೆಲೆ, ತನ್ನ ಪಾಲು, ಫಲ

ಫ್ರೀಲಾನ್ಸ್ ಗ್ರಾಫಿಕ್ ಡಿಸೈನರ್ ತಾನು ಹಿಂದೆ ಮಾಡಿದ ಕೆಲಸಗಳಲ್ಲಿ ಆಯ್ದವನ್ನು ಒಟ್ಟುಗೂಡಿಸಿ ತೋರಿಸುವ ಸಂಗ್ರಹವೇ ಪೋರ್ಟ್‌ಫೋಲಿಯೊ. ಅದನ್ನು ನೋಡುವವರು ಹೆಚ್ಚಾಗಿ ಡಿಸೈನರ್‌ಗಳಾಗಿರುವುದಿಲ್ಲ. ಅವರು ಉಪ್ಪಿನಕಾಯಿ ತಯಾರಿಸುವವರು, ಶಾಲೆ ನಡೆಸುವವರು, ಪುಸ್ತಕ ಪ್ರಕಟಿಸುವವರು. ಚಿತ್ರ ಚೆಂದವಾಗಿದೆಯೋ ಇಲ್ಲವೋ ಎಂಬುದು ಅವರಿಗೆ ನೋಡಿದೊಡನೆ ತಿಳಿಯುತ್ತದೆ. ಆದರೆ ಆ ಕೆಲಸ ಯಾವ ತೊಂದರೆಯಿಂದ ಹುಟ್ಟಿತು, ಅದರಲ್ಲಿ ಈ ಡಿಸೈನರ್ ಮಾಡಿದ್ದೆಷ್ಟು, ಕೊನೆಗೆ ಅದರಿಂದ ಆದದ್ದೇನು ಎಂಬ ಮೂರು ಸಂಗತಿಗಳನ್ನು ಚಿತ್ರ ಹೇಳುವುದಿಲ್ಲ. ದುಡ್ಡು ಕೊಡುವವರು ತಿಳಿಯಬಯಸುವುದು ಇವನ್ನೇ.

ಒಂದು ಪ್ಯಾಕೆಟ್ಟಿನ ಕೆಲಸವನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಮಲೆನಾಡಿನ ಒಂದು ಗೃಹೋದ್ಯಮ ಸಾರಿನ ಪುಡಿ, ಸಾಂಬಾರು ಪುಡಿ ಎರಡನ್ನೂ 200 ಗ್ರಾಮಿನ ಪೌಚ್‌ಗಳಲ್ಲಿ ಮಾರುತ್ತಿದೆ. ಎರಡಕ್ಕೂ ಒಂದೇ ಕೆಂಪು ಬಣ್ಣ, ಒಂದೇ ಒಗ್ಗರಣೆ ಬಟ್ಟಲಿನ ಚಿತ್ರ. ವ್ಯತ್ಯಾಸವಿರುವುದು ಕೆಳಗಿನ ಸಣ್ಣ ಅಕ್ಷರದಲ್ಲಿ ಮಾತ್ರ. ಕಿರಾಣಿ ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಡುತ್ತಾರೆ, ಕೊಂಡವರು ವಾಪಸು ತರುತ್ತಾರೆ. ಡಿಸೈನರ್ ಪ್ಯಾಕೆಟ್ಟನ್ನು ಬದಲಿಸಿಕೊಡುತ್ತಾರೆ. ಆಮೇಲೆ ಪೋರ್ಟ್‌ಫೋಲಿಯೊದಲ್ಲಿ ಆ ಚಿತ್ರದ ಕೆಳಗೆ ಸಾಮಾನ್ಯವಾಗಿ ಕಾಣುವ ಸಾಲು ಇದು: ‘ಮಸಾಲೆ ಬ್ರ್ಯಾಂಡಿಗೆ ಆಧುನಿಕ, ಆಕರ್ಷಕ ಪ್ಯಾಕೇಜಿಂಗ್.’ ಇದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಯಾವ ಪ್ಯಾಕೆಟ್ಟಿನ ಕೆಳಗೆ ಇಟ್ಟರೂ ಆ ಸಾಲು ಹೊಂದುತ್ತದೆ.

ಹಿನ್ನೆಲೆ ಬರೆಯುವಾಗ ಸಂಸ್ಥೆಯ ಚರಿತ್ರೆ ಬೇಕಿಲ್ಲ. ತೊಂದರೆಯನ್ನು ಒಂದೆರಡು ವಾಕ್ಯದಲ್ಲಿ ಹೇಳಿ, ಕೆಲಸ ಮಾಡಬೇಕಾಗಿದ್ದ ಇಕ್ಕಟ್ಟನ್ನು ಮತ್ತೊಂದರಲ್ಲಿ ಹೇಳಿದರೆ ಸಾಕು. ಹೊಸಬರು ಬಿಟ್ಟುಬಿಡುವುದು ಈ ಇಕ್ಕಟ್ಟನ್ನೇ. ಪೌಚಿನ ಫಿಲ್ಮ್ ಮೇಲೆ ಗ್ರೇವ್ಯೂರ್ ವಿಧಾನದಲ್ಲಿ ಮುದ್ರಿಸುವಾಗ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೊರೆಸಬೇಕು, ಪ್ರತಿ ಸಿಲಿಂಡರಿಗೂ ಬೇರೆ ಖರ್ಚು. ಸಣ್ಣ ಉದ್ಯಮಕ್ಕೆ ಮೂರೇ ಬಣ್ಣ ಸಾಧ್ಯವಾಗಿದ್ದರೆ ಅದನ್ನು ಬರೆಯಲೇಬೇಕು. ಮೂರು ಬಣ್ಣದ ಮಿತಿಯಲ್ಲಿ ಮಾಡಿದ ಕೆಲಸವನ್ನು ಎಂಟು ಬಣ್ಣದ ಕೆಲಸದ ಪಕ್ಕದಲ್ಲಿ ಇಟ್ಟರೆ ನೋಡುವವರಿಗೆ ಅದು ಬಡಕಲಾಗಿ ಕಾಣುತ್ತದೆ. ಮಿತಿ ತಿಳಿದಾಗ ಮಾತ್ರ ಅದರ ಜಾಣ್ಮೆ ಕಾಣುತ್ತದೆ. ಕನ್ನಡದ ಒತ್ತಕ್ಷರಗಳದ್ದೂ ಇಂಥದೇ ಮಾತು. ‘ಕೊತ್ತಂಬರಿ’ಯ ಒತ್ತು ಕಂಪ್ಯೂಟರ್ ಪರದೆಯಲ್ಲಿ ಎಷ್ಟು ಸ್ಪಷ್ಟವಾಗಿದ್ದರೂ ಸಣ್ಣ ಗಾತ್ರದಲ್ಲಿ ಫಿಲ್ಮ್ ಮೇಲೆ ಶಾಯಿ ತುಂಬಿ ಮುದ್ದೆಯಾಗಬಹುದು. ಅದಕ್ಕಾಗಿ ದಪ್ಪ ಗೆರೆಯ, ಒಳಜಾಗ ಹೆಚ್ಚಿರುವ ಫಾಂಟ್ ಆರಿಸಿದ್ದರೆ ಅದು ಹೇಳಬೇಕಾದ ನಿರ್ಧಾರ.

ತನ್ನ ಪಾಲನ್ನು ಬರೆಯುವುದು ಇದಕ್ಕಿಂತ ಸೂಕ್ಷ್ಮ. ಒಂದು ಪ್ಯಾಕೆಟ್ಟಿನ ಹಿಂದೆ ಹಲವರ ಕೈಯಿರುತ್ತದೆ. ಲೋಗೊ ಹಳೆಯದು, ಅದನ್ನು ಬೇರೆಯವರು ಬರೆದಿದ್ದರು, ಫೋಟೊ ಇನ್ನೊಬ್ಬರದು, ಹಿಂಬದಿಯ ಪದಾರ್ಥಗಳ ಪಟ್ಟಿ, 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇವೆಲ್ಲ ಉದ್ಯಮದವರೇ ಕೊಟ್ಟದ್ದು. ಡಿಸೈನರ್ ಮಾಡಿದ್ದು ಮುಂಬದಿಯ ವಿನ್ಯಾಸ, ಬಣ್ಣದ ಆಯ್ಕೆ, ಹೆಸರಿನ ಅಕ್ಷರವಿನ್ಯಾಸ, ಪ್ರೆಸ್ಸಿಗೆ ಹೋಗುವ ಫೈಲು ಮತ್ತು ಪ್ರೂಫ್ ಪರಿಶೀಲನೆ. ಇದನ್ನು ಕ್ರಿಯಾಪದಗಳಲ್ಲಿ ಹೇಳಬೇಕು: ಆರಿಸಿದೆ, ಬರೆದೆ, ತಿದ್ದಿದೆ, ಸಿದ್ಧಪಡಿಸಿದೆ. ‘ಪ್ರಾಜೆಕ್ಟಿನಲ್ಲಿ ಭಾಗಿಯಾಗಿದ್ದೆ’ ಎಂಬ ಮಾತು ಅನುಮಾನ ಹುಟ್ಟಿಸುತ್ತದೆ. ಎಲ್ಲವೂ ತನ್ನದೇ ಎಂಬಂತೆ ತೋರಿಸುವುದು ಅದಕ್ಕಿಂತ ಕೆಟ್ಟದ್ದು. ಲೋಗೊ ಮೆಚ್ಚಿ ಬಂದವರು ‘ನಮಗೂ ಹಾಗೇ ಒಂದು ಬರೆದುಕೊಡಿ’ ಎಂದಾಗ ಆ ಸುಳ್ಳು ಹೊರಬರುತ್ತದೆ. ಏಜೆನ್ಸಿಯೊಂದರ ಕೆಳಗೆ ಮಾಡಿದ ಕೆಲಸವಾದರೆ ಅದನ್ನೂ, ನಿರ್ದೇಶನ ಯಾರದಾಗಿತ್ತು ಎಂಬುದನ್ನೂ ಸೇರಿಸುವುದು ನ್ಯಾಯ.

ಮೂರರಲ್ಲಿ ಕಷ್ಟವಾದದ್ದು ಫಲ. ಪ್ಯಾಕೆಟ್ಟಿನ ರೂಪ ಮಾರಾಟವನ್ನು ಅಲುಗಿಸಬಲ್ಲದು ಎಂಬುದಕ್ಕೆ ಅಮೆರಿಕದ ಟ್ರಾಪಿಕಾನ ಕಿತ್ತಳೆ ರಸ ಪ್ರಸಿದ್ಧ ಉದಾಹರಣೆ. 2009ರ ಜನವರಿಯಲ್ಲಿ ಅದರ ಪೆಟ್ಟಿಗೆಯ ವಿನ್ಯಾಸ ಪೂರ್ತಿ ಬದಲಾಯಿತು. ಗುರುತೇ ಸಿಗುವುದಿಲ್ಲವೆಂದು ಗ್ರಾಹಕರು ದೂರಿದರು, ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು, ಕಂಪನಿ ಹಳೆಯ ಪೆಟ್ಟಿಗೆಗೇ ಮರಳಿತು. ಅಷ್ಟು ದೊಡ್ಡ ಸಂಸ್ಥೆಯ ಬಳಿ ವಾರವಾರದ ಲೆಕ್ಕವಿರುತ್ತದೆ. ಗೃಹೋದ್ಯಮದ ವಿಷಯ ಹಾಗಲ್ಲ. ಹೊಸ ಪ್ಯಾಕೆಟ್ ಬಂದ ತಿಂಗಳಲ್ಲೇ ದಸರಾ ಬಂದಿರಬಹುದು, ಹೊಸ ವಿತರಕರು ಸಿಕ್ಕಿರಬಹುದು. ‘ನನ್ನ ವಿನ್ಯಾಸದಿಂದ ಮಾರಾಟ ಏರಿತು’ ಎಂದು ಬರೆಯುವುದಕ್ಕೆ ಅಲ್ಲಿ ಆಧಾರ ಇರುವುದಿಲ್ಲ.

ಆದ್ದರಿಂದ ಮೊದಲು ಹೇಳಿದ ತೊಂದರೆಗೆ ನೇರವಾಗಿ ಸೇರಿದ ಫಲವನ್ನೇ ಹುಡುಕಬೇಕು. ಇಲ್ಲಿನ ತೊಂದರೆ ಪುಡಿ ಅದಲುಬದಲಾಗುವುದು. ವಾಪಸಾಗುತ್ತಿದ್ದ ಪ್ಯಾಕೆಟ್ ತಿಂಗಳಿಗೆ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಉದ್ಯಮದವರನ್ನು ಕೇಳಬಹುದು. ಅದಕ್ಕೂ ಲೆಕ್ಕವಿಲ್ಲದಿದ್ದರೆ ನೋಡಿದ್ದನ್ನೇ ಬರೆಯಬಹುದು: ಇದೇ ವಿನ್ಯಾಸ ಎರಡನೆಯ ಸಲ ಮುದ್ರಣಕ್ಕೆ ಹೋಯಿತು, ಮೂರನೆಯ ಪುಡಿಗೂ ಅವರು ಇವರನ್ನೇ ಕರೆದರು. ಇವು ಸಣ್ಣ ಸಂಗತಿಗಳು, ಆದರೆ ಯಾರು ವಿಚಾರಿಸಿದರೂ ನಿಲ್ಲುವ ಸಂಗತಿಗಳು. ಇದಕ್ಕೆ ಮುಂಚಿನ ಸಿದ್ಧತೆ ಬೇಕು. ಕೆಲಸ ಒಪ್ಪಿಕೊಂಡ ದಿನವೇ ಹಳೆಯ ಪ್ಯಾಕೆಟ್ ಒಂದನ್ನು ತೆಗೆದಿಟ್ಟು, ಅಂಗಡಿಯಲ್ಲಿ ಅದು ನೇತಾಡುತ್ತಿರುವ ಫೋಟೊ ತೆಗೆದುಕೊಳ್ಳಬೇಕು. ಹಳೆಯ ಸರಕು ಖಾಲಿಯಾದ ಮೇಲೆ ಅದು ಸಿಗುವುದಿಲ್ಲ. ಹೊಸದು ಮಾರುಕಟ್ಟೆಗೆ ಹೋಗಿ ಮೂರು ತಿಂಗಳಾದ ಮೇಲೆ ಒಮ್ಮೆ ಫೋನ್ ಮಾಡಿ ವಿಚಾರಿಸಬೇಕು.

ಇಷ್ಟಾದರೆ ಚಿತ್ರದ ಕೆಳಗಿನ ಬರಹ ಹೀಗಾಗುತ್ತದೆ: ‘ಸಾರಿನ ಪುಡಿ, ಸಾಂಬಾರು ಪುಡಿಯ ಪ್ಯಾಕೆಟ್‌ಗಳು ಒಂದೇ ರೀತಿ ಕಾಣುತ್ತಿದ್ದರಿಂದ ಅಂಗಡಿಗಳಲ್ಲಿ ಅದಲುಬದಲಾಗುತ್ತಿದ್ದವು. ಮುದ್ರಣಕ್ಕೆ ಮೂರು ಬಣ್ಣಗಳ ಮಿತಿಯಿತ್ತು. ಲೋಗೊ ಹಾಗೇ ಉಳಿಸಿಕೊಂಡು ಸಾರಿಗೆ ಹಳದಿ, ಸಾಂಬಾರಿಗೆ ಕೆಂಪು ಎಂದು ಬೇರ್ಪಡಿಸಿದೆ. ಪುಡಿಯ ಹೆಸರನ್ನು ಎಂಟು ಅಡಿ ದೂರದಿಂದ ಓದುವಷ್ಟು ದೊಡ್ಡದಾಗಿ ಬರೆದೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ಒತ್ತಕ್ಷರಗಳನ್ನು ತಿದ್ದಿದೆ. ಫೋಟೊ ಬೇರೆಯವರದು. ಅದಲುಬದಲಿನ ದೂರು ನಿಂತಿದೆ ಎಂದು ಉದ್ಯಮದವರು ತಿಳಿಸಿದ್ದಾರೆ. ಇದೇ ವಿನ್ಯಾಸ ಮರುಮುದ್ರಣವಾಗಿದೆ.’ ಒಂದು ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬರೆದರೆ ಓದುವವರು ಕಡಿಮೆ.

ಚಿತ್ರಗಳ ಅನುಕ್ರಮವೂ ಇದೇ ಕಥೆಯನ್ನು ಹೇಳಬೇಕು. ಮೊದಲು ಅಂಗಡಿಯಲ್ಲಿ ತೂಗುತ್ತಿರುವ ಹೊಸ ಪ್ಯಾಕೆಟ್, ಪಕ್ಕದಲ್ಲಿ ಹಳೆಯದು, ನಂತರ ಅಕ್ಷರಗಳ ಹತ್ತಿರದ ನೋಟ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಮಾಕಪ್ ಚಿತ್ರ ನುಣುಪಾಗಿದ್ದರೂ ಪ್ಯಾಕೆಟ್ ನಿಜಕ್ಕೂ ಅಚ್ಚಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಅಂಗಡಿಯ ಟ್ಯೂಬ್‌ಲೈಟಿನಡಿ ಮೊಬೈಲಿನಲ್ಲಿ ತೆಗೆದ ಫೋಟೊ ಸಾಕ್ಷಿ. ಇಂಥ ಐದಾರು ಕೆಲಸಗಳಿದ್ದರೆ ಸಾಕು. ಕಳಿಸುವ ಪಿಡಿಎಫ್ ಹಗುರವಾಗಿರಬೇಕು, ಮೊಬೈಲಿನಲ್ಲಿ ಹಿಗ್ಗಿಸದೆ ಓದುವಂತಿರಬೇಕು.

ಕೊನೆಯದು ಅನುಮತಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಪ್ರಕಾರ, ಹಕ್ಕನ್ನು ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಆದರೆ ಕೃತಿಯನ್ನು ಪ್ರದರ್ಶಿಸುವುದು ಬೇರೆ, ಉದ್ಯಮದ ಒಳಗಿನ ಲೆಕ್ಕ ಹೇಳುವುದು ಬೇರೆ; ಗೌಪ್ಯತೆಯ ಒಪ್ಪಂದವಿದ್ದರೆ ಎರಡಕ್ಕೂ ಅಡ್ಡಿ ಬರಬಹುದು. ಹಾಗಾಗಿ ಕೊಟೇಶನ್ ಕಳಿಸುವಾಗಲೇ ಒಂದು ಸಾಲು ಸೇರಿಸಿ ಒಪ್ಪಿಗೆ ಪಡೆಯಬೇಕು: ಸರಕು ಮಾರುಕಟ್ಟೆಗೆ ಬಂದ ನಂತರ ಈ ಕೆಲಸವನ್ನೂ ಅದರ ಫಲವನ್ನೂ ಪೋರ್ಟ್‌ಫೋಲಿಯೊದಲ್ಲಿ ತೋರಿಸಲಾಗುವುದು, ಅಂಕಿಗಳನ್ನು ಕೇಳಿಯೇ ಪ್ರಕಟಿಸಲಾಗುವುದು.